ಅಮ್ಮನ ಮೆಸೇಜಿಗೆ ಘಣಸೋಲಿಯಲ್ಲಿ ನೀಲಿ ಟಿಕ್

ನಮ್ಮ ಮನೆಯಲ್ಲಿ ನನ್ನ ಮಾತನ್ನು ಎರಡರಿಂದ ಭಾಗಿಸಿ ನಂಬುವುದು ರೂಢಿ. ಡೊಂಬಿವಲಿ ಸ್ಟೇಷನ್ನಿನಲ್ಲಿ ಹತ್ತು ಸಾವಿರ ಜನ ಇದ್ರು ಅಂತ ನಾನು ಹೇಳಿದ್ರೆ ಅಪ್ಪ ಐದು ಸಾವಿರ ಅಂತ ಬರ್ಕೊಳ್ತಾರೆ. ಅಮ್ಮ ನಾಲ್ಕರಿಂದ ಭಾಗಿಸ್ತಾಳೆ. ನಾನು ಸುಳ್ಳು ಹೇಳುವವಳಲ್ಲ, ಸ್ವಲ್ಪ ಎಳೆಯುವವಳು ಅಷ್ಟೇ. ಹಿಟ್ಟು ಒಂದೇ ಸೌಟು, ದೋಸೆ ಕಾವಲಿ ತುಂಬ.

ಆದ್ರೆ ಒಂದು ವಿಷಯದಲ್ಲಿ ಯಾರೂ ಭಾಗಿಸುವುದಿಲ್ಲ. ಫೋನ್, ಟಿವಿ, ವೈಫೈ, ಗೀಸರ್, ಏನು ಕೆಟ್ಟರೂ ನಾನೇ. ಹದಿನೇಳು ವರ್ಷಕ್ಕೆ ಇಡೀ ಖಾನ್‌ದಾನಿನ ಐಟಿ ಡಿಪಾರ್ಟ್‌ಮೆಂಟ್. ಅಪ್ಪ ಮಹಾಪೆಯಲ್ಲಿ ನಿಜವಾದ ಐಟಿ ಪಾರ್ಕಿನಲ್ಲಿ ಕೆಲಸ ಮಾಡ್ತಾರೆ, ಆದ್ರೆ ಅವರು ಅಲ್ಲಿ ಅಕೌಂಟ್ಸ್. ಮನೆಯ ರಿಮೋಟಿಗೆ ಸೆಲ್ ಹಾಕುವಾಗ ಪ್ಲಸ್ ಯಾವ ಕಡೆ ಅಂತ ನನ್ನನ್ನೇ ಕೇಳ್ತಾರೆ.

ಹಾಗಾಗಿ ದೀಪಾವಳಿ ಆದ್ಮೇಲೆ ಅಮ್ಮ ಬಂದು, "ಇದರಲ್ಲಿ ಭೂತ ಹೊಕ್ಕಿದೆ ಮಾರಾಯ್ತಿ" ಅಂತ ಫೋನ್ ನನ್ನ ಕೈಗಿಟ್ಟಾಗ ನಾನು ಡಾಕ್ಟರ್ ಮುಖ ಮಾಡಿ ತಗೊಂಡೆ.

"ಎಂತ ಆಯ್ತು?"

"ಮೆಸೇಜ್ ಬಂದದ್ದು ಗೊತ್ತೇ ಆಗುವುದಿಲ್ಲ. ಒಳಗೆ ಹೋಗಿ ನೋಡಿದ್ರೆ ಇರ್ತದೆ. ಆದ್ರೆ ಹಸಿರು ಚುಕ್ಕೆ ಇಲ್ಲ, ನಂಬರ್ ಇಲ್ಲ, ನಾನು ಓದಿ ಬಿಟ್ಟ ಹಾಗೆ ಕಾಣ್ತದೆ. ಚಿಕ್ಕಮ್ಮ ಅಲ್ಲಿಂದ ಬೈತಾಳೆ, 'ನೀಲಿ ಟಿಕ್ ಬಂದು ಎರಡು ಗಂಟೆ ಆಯ್ತು, ಒಂದು ಉತ್ತರ ಹಾಕ್ಲಿಕ್ಕೆ ಆಗುವುದಿಲ್ವಾ ಅಕ್ಕ' ಅಂತ."

ನಾನು ಫೋನನ್ನು ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ನನ್ನ ಟ್ರೀಟ್‌ಮೆಂಟಿನಲ್ಲಿ ತೊಂಬತ್ತು ಭಾಗ ಇದೇ. ಮತ್ತೆ, "ಅಮ್ಮ, ನೀನು ಪಲ್ಯಕ್ಕೆ ಒಗ್ಗರಣೆ ಹಾಕ್ತಾ ಓದಿ ಮರೆತುಬಿಡ್ತಿ" ಅಂತ ಹೇಳಿ ಕೇಸ್ ಕ್ಲೋಸ್ ಮಾಡಿದೆ. ಡಾಕ್ಟರಿಗೆ ಕಾಯಿಲೆ ಗೊತ್ತಾಗದಿದ್ರೆ ರೋಗಿಗೆ ವಯಸ್ಸಾಯ್ತು ಅನ್ನುವುದಲ್ವಾ.

ಚಿಕ್ಕಮ್ಮ ಅಂದ್ರೆ ಅಮ್ಮನ ಒಬ್ಬಳೇ ತಂಗಿ. ಕಲ್ಯಾಣದಲ್ಲಿರುವುದು, ನಮ್ಮಿಂದ ಎರಡೇ ಸ್ಟೇಷನ್. ಆದ್ರೂ ಇಬ್ಬರ ನಡುವೆ ದಿನಕ್ಕೆ ಮುನ್ನೂರು ಮೆಸೇಜ್. ಸರಿ, ಭಾಗಿಸಿ. ನೂರೈವತ್ತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ತಾರೆ, ಇವಳು ಹರಿವೆ ಸೊಪ್ಪಿನ ಫೋಟೋ ಹಾಕಿದ್ರೆ ಅವಳು ಟ್ರೇನಿನ ಲೇಡೀಸ್ ಡಬ್ಬದ ಜಗಳ ಹಾಕ್ತಾಳೆ. ಚಿಕ್ಕಮ್ಮನ ಆಫೀಸು ಠಾಣೆಯಲ್ಲಿ. ಅವಳ ಟ್ರೇನು ಡೊಂಬಿವಲಿ ದಾಟುವಾಗ ಅಮ್ಮ ಬಾಲ್ಕನಿಯಲ್ಲಿ ನಿಂತು ಅತ್ತ ನೋಡ್ತಾಳೆ. ನಮ್ಮ ಬಾಲ್ಕನಿಯಿಂದ ಕಾಣುವುದು ಎದುರು ಬಿಲ್ಡಿಂಗಿನ ನೀರಿನ ಟಾಂಕಿ ಮಾತ್ರ. ಆದ್ರೂ ನೋಡ್ತಾಳೆ.

ಒಂದು ಗುರುವಾರ ಸಂಜೆ ಕಾಲೇಜಿನಿಂದ ಬಂದಾಗ ಅಮ್ಮ ಕುಕ್ಕರ್ ಮುಂದೆ ನಿಂತಿದ್ಲು. ಗ್ಯಾಸ್ ಹಚ್ಚಿರಲಿಲ್ಲ. ವಿಸಿಲಿಗೆ ಕಾಯುವ ಹಾಗೆ ಸುಮ್ಮನೆ ನಿಂತಿದ್ಲು.

"ನೀನು ನನ್ನ ಫೋನ್ ಓದ್ತೀಯಾ?"

"ನಿನ್ನ ಹರಿವೆ ಸೊಪ್ಪು ಓದಿ ನನಗೆಂತ ಆಗ್ಬೇಕು?"

"ತಮಾಷೆ ಬೇಡ. ಓದಿ ಅತ್ತೆಗೆ ಹೇಳಿದ್ಯಾ?"

ಅತ್ತೆ ಅಂದ್ರೆ ಅಪ್ಪನ ಅಕ್ಕ. ಘಣಸೋಲಿಯಲ್ಲಿರುವುದು, ರಿಟೈರ್ಡ್ ಕನ್ನಡ ಟೀಚರ್. ನಾನು ಪ್ರತಿ ಭಾನುವಾರ ಅವರ ಮನೆಗೆ ಕನ್ನಡ ಓದಲು ಬರೆಯಲು ಕಲಿಯುವುದಕ್ಕೆ ಹೋಗುವುದು, ಏಳನೇ ಕ್ಲಾಸಿನಿಂದ. ಇಲ್ಲಿ ಹುಟ್ಟಿದ ಮಕ್ಕಳೆಲ್ಲ ಕನ್ನಡದಲ್ಲಿ ಕೇಳಿದ್ರೆ ಹಿಂದಿಯಲ್ಲಿ ಉತ್ತರ ಕೊಡುವವರು. ನಾನು ಕನ್ನಡದಲ್ಲೇ ಎದುರು ಮಾತಾಡ್ತೇನೆ ಅಂದ್ರೆ ಅದು ಅತ್ತೆಯ ಪುಣ್ಯ.

"ಹೇಳುವುದೆಂತ?" ಅಂತ ಕೇಳಿದೆ. ಅಮ್ಮ ಕುಕ್ಕರಿಗೇ ಹೇಳುವ ಹಾಗೆ ಹೇಳಿದ್ಲು.

ಚಿಕ್ಕಮ್ಮನಿಗೆ ಎರಡೂವರೆ ತಿಂಗಳು. ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದದ್ದು ಮೂರೇ ಜನಕ್ಕೆ: ಚಿಕ್ಕಮ್ಮ, ಚಿಕ್ಕಪ್ಪ, ಅಮ್ಮ. ಅಪ್ಪನಿಗೂ ಹೇಳಿರಲಿಲ್ಲ. ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದು ಅನ್ನುವುದು ಎಲ್ಲರ ಮನೆಯಲ್ಲೂ ಇರುವ ಮಾತು. ಆದ್ರೆ ಚಿಕ್ಕಮ್ಮನಿಗೆ ಅದು ಬರೀ ಮಾತಲ್ಲ. ಎರಡು ವರ್ಷದ ಹಿಂದೆ ಖುಷಿ ತಡೆಯಲಾಗದೆ ಎಲ್ಲರಿಗೂ ಹೇಳಿ, ಪೇಡೆ ಹಂಚಿ, ಹತ್ತನೇ ವಾರದಲ್ಲಿ ಹೋಗಿಬಿಟ್ಟಿತ್ತು. ಪೇಡೆ ತಿಂದ ಮನೆಗಳಿಗೆಲ್ಲ ಮತ್ತೆ ಫೋನ್ ಮಾಡಿ ಹೇಳಬೇಕಾಯ್ತು. ಆ ಫೋನುಗಳನ್ನು ಮಾಡಿದ್ದು ಅಮ್ಮ. ಒಂದೊಂದೇ ನಂಬರ್, ಒಂದೇ ವಾಕ್ಯ. ನಾನಾಗ ಪಕ್ಕದ ರೂಮಿನಲ್ಲಿ ಇಯರ್‌ಫೋನ್ ಹಾಕಿ ಏನೂ ಕೇಳದವಳ ಹಾಗೆ ಮಲಗಿದ್ದೆ. ಇಯರ್‌ಫೋನಿನಲ್ಲಿ ಹಾಡು ಇರಲಿಲ್ಲ.

ಈಗ, ಆ ಗುರುವಾರ ಮಧ್ಯಾಹ್ನ, ಅತ್ತೆ ಸೀದಾ ಚಿಕ್ಕಮ್ಮನಿಗೆ ಫೋನ್ ಮಾಡಿದ್ದಾರೆ. ಹಣ್ಣು ತಿನ್ನು, ಪಪ್ಪಾಯಿ ಬೇಡ, ಕಲ್ಯಾಣ ಸ್ಟೇಷನ್ನಿನ ಬ್ರಿಜ್ ಹತ್ತಬೇಡ, ಲಿಫ್ಟ್ ಉಂಟಲ್ಲ ಅಂತೆಲ್ಲ ಹೇಳಿ, ಕಡೆಗೆ "ಟ್ರೇನು ಮುಂಬ್ರಾ ಸ್ಟೇಷನ್ ಹತ್ತಿರ ಬರುವಾಗ ವಾಂತಿ ಬಂದ ಹಾಗೆ ಆದ್ರೆ ಲಿಂಬೆಹಣ್ಣು ಮೂಸು" ಅಂದಿದ್ದಾರೆ.

ಮುಂಬ್ರಾ ಹತ್ತಿರ ವಾಂತಿ ಬರ್ತದೆ ಅಂತ ಚಿಕ್ಕಮ್ಮ ಪ್ರಪಂಚದಲ್ಲಿ ಒಬ್ಬಳಿಗೇ ಬರೆದದ್ದು. ಅಮ್ಮನಿಗೆ. ಚಿಕ್ಕಪ್ಪನಿಗೂ ಮುಂಬ್ರಾ ಅಂತ ಹೇಳಿರಲಿಲ್ವಂತೆ.

ಚಿಕ್ಕಮ್ಮ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ. "ನಿನಗೂ ತಡೆಯಲಿಕ್ಕೆ ಆಗ್ಲಿಲ್ಲ ಅಲ್ವಾ ಅಕ್ಕ. ಇನ್ನು ಕೇಳಬೇಡ, ನಾನೂ ಹೇಳುವುದಿಲ್ಲ." ಆಮೇಲೆ ಅಮ್ಮ ಮಾಡಿದ ಹನ್ನೊಂದು ಫೋನನ್ನೂ ಎತ್ತಿಲ್ಲ. ಹನ್ನೊಂದನ್ನು ಭಾಗಿಸಬೇಡಿ, ಅದು ಕಾಲ್ ಲಿಸ್ಟಿನಲ್ಲಿ ನಾನೇ ಎಣಿಸಿದ್ದು.

"ಒಬ್ಬಳೇ ಇರ್ತಾಳೆ," ಅಂದ್ಲು ಅಮ್ಮ. "ಅವನು ಟೂರಿನಲ್ಲಿ. ವಾಂತಿ ಮಾಡಿ ಮಾಡಿ ಒಬ್ಬಳೇ ಮಲಗ್ತಾಳೆ. ನನಗೆ ಬರೆದ್ರೆ ಸ್ವಲ್ಪ ಸಮಾಧಾನ ಆಗ್ತಿತ್ತು ಅವಳಿಗೆ."

ನಾನು ಓದಿಲ್ಲ ಅಂತ ಮೂರು ದೇವರ ಮೇಲೆ ಆಣೆ ಹಾಕಿದೆ. ಅಮ್ಮ ನಂಬಿದ್ಲೋ ಇಲ್ಲವೋ ಗೊತ್ತಿಲ್ಲ. ಮೂರನ್ನು ನಾಲ್ಕರಿಂದ ಭಾಗಿಸಿದ್ರೆ ಒಂದು ದೇವರೂ ಪೂರ್ತಿ ಸಿಗುವುದಿಲ್ಲ.

ಮರುದಿನ ಶುಕ್ರವಾರ ಕಾಲೇಜಿಗೆ ಚಕ್ಕರ್ ಹೊಡೆದೆ. ನನ್ನ ಮಾನದ ಪ್ರಶ್ನೆ. ಅಮ್ಮ ತರಕಾರಿಗೆ ಹೋದಾಗ ಚಾರ್ಜಿಗಿಟ್ಟ ಅವಳ ಫೋನ್ ತಗೊಂಡು ಅಡುಗೆಮನೆ ಕಟ್ಟೆ ಮೇಲೆ ಕೂತೆ. ಪತ್ತೇದಾರಿ ಮಾಡುವಾಗ ಏನಾದ್ರೂ ತಿನ್ನಬೇಕು ಅಂತ ಚಕ್ಕುಲಿ ಡಬ್ಬ ಪಕ್ಕದಲ್ಲಿಟ್ಟುಕೊಂಡೆ.

ಯಾರೋ ಓದ್ತಿದ್ದಾರೆ, ಅದಂತೂ ಖಂಡಿತ. ಮೆಸೇಜ್ ತನ್ನಷ್ಟಕ್ಕೆ ನೀಲಿ ಟಿಕ್ ಹೊಡ್ಕೊಳ್ಳುವುದಿಲ್ಲ. ಫೋನ್ ಅಮ್ಮನ ಕೈಯಲ್ಲೇ ಇದೆ, ಪಾಸ್‌ವರ್ಡ್ ಉಂಟು, ಮತ್ತೆ ಎಲ್ಲಿಂದ ಓದ್ತಾರೆ? ಆಗ ನನಗೆ ಹೊಳೆದದ್ದು. ಮೆಸೇಜ್ ಆಪ್ ತೆಗೆದು, ಮೇಲೆ ಬಲಗಡೆಯ ಮೂರು ಚುಕ್ಕಿ ಒತ್ತಿದೆ. ಅದರಲ್ಲಿ 'ಲಿಂಕ್ಡ್ ಡಿವೈಸಸ್' ಅಂತ ಇರ್ತದೆ. ಅಮ್ಮನ ಆಪನ್ನು ಬೇರೆ ಯಾವ ಯಾವ ಯಂತ್ರಕ್ಕೆ ಜೋಡಿಸಿದ್ದಾರೆ ಅಂತ ಅಲ್ಲಿ ಪಟ್ಟಿ. ಸೊಸೈಟಿ ಗೇಟಿನ ವಿಸಿಟರ್ ಬುಕ್ ಇದ್ದ ಹಾಗೆ, ಯಾರೂ ತೆರೆದು ನೋಡುವುದಿಲ್ಲ.

ಖಾಲಿ ಇರಬೇಕಿತ್ತು. ನಮ್ಮ ಮನೆಯಲ್ಲಿ ಕಂಪ್ಯೂಟರೇ ಇಲ್ಲ, ಅಪ್ಪನ ಆಫೀಸ್ ಲ್ಯಾಪ್‌ಟಾಪಿನಲ್ಲಿ ಈ ಆಪ್ ತೆರೆಯಲಿಕ್ಕೆ ಬಿಡುವುದಿಲ್ಲ. ಆದ್ರೆ ಪಟ್ಟಿಯಲ್ಲಿ ಒಂದು ಇತ್ತು. ಪುಟ್ಟ ಕಂಪ್ಯೂಟರ್ ಚಿತ್ರ, ಒಂದು ಬ್ರೌಸರಿನ ಹೆಸರು, ಕೆಳಗೆ ಕೊನೆಯ ಸಲ ಬಳಸಿದ್ದು ಇವತ್ತು ಬೆಳಿಗ್ಗೆ 10:52.

ನಾನು ಗಡಿಯಾರ ನೋಡಿದೆ. 11:05. ಚಕ್ಕುಲಿ ಬಾಯಲ್ಲೇ ನಿಂತಿತು.

ಯಾಕಂದ್ರೆ ಆ ಕಂಪ್ಯೂಟರ್ ಯಾವುದು ಅಂತ ನನಗೆ ತಟ್ಟನೆ ಗೊತ್ತಾಯ್ತು. ಅದನ್ನು ಜೋಡಿಸಿದ್ದು ಬೇರೆ ಯಾರೂ ಅಲ್ಲ. ಈ ಹುಷಾರಿ ಹುಡುಗಿ.

ನವರಾತ್ರಿಗೆ ಮೊದಲು. ಅತ್ತೆ ಮತ್ತು ಅಮ್ಮ ಒಂದೇ ಭಜನಾ ಮಂಡಳಿ. ಮಂಡಳಿಯ ಹೊಸ ಸೊಸೆಯಂದಿರಿಗೆ ಕನ್ನಡ ಅರ್ಥ ಆಗ್ತದೆ, ಓದಲಿಕ್ಕೆ ಬರುವುದಿಲ್ಲ. ಹಾಗಾಗಿ ಅಮ್ಮ ಪ್ರತಿ ವರ್ಷ ಕನ್ನಡ ಭಜನೆಗಳನ್ನು ಮರಾಠಿ ಅಕ್ಷರದಲ್ಲಿ, ದಪ್ಪ ಪೆನ್ನಿನಲ್ಲಿ, ಕೈಯಾರೆ ಬರೀತಾಳೆ. ಈ ಸಲ ಬರೆದದ್ದರ ಫೋಟೋ ತೆಗೆದು ಫೋನಿನಲ್ಲಿ ತಂದಿದ್ಲು. ಪ್ರಿಂಟರ್ ಇರುವುದು ಅತ್ತೆ ಮನೆಯಲ್ಲಿ, ಆದ್ರೆ ಫೋನನ್ನು ಕಂಪ್ಯೂಟರಿಗೆ ಜೋಡಿಸುವ ಕೇಬಲ್ ಸಿಗಲಿಲ್ಲ. ಅತ್ತೆ ಮೂರು ಡ್ರಾಯರ್ ತಲೆಕೆಳಗು ಮಾಡಿದ್ರು. ಆಗ ನಾನು ಸಿನಿಮಾ ಹೀರೋ ಹಾಗೆ ಎದ್ದು, "ಹಟೋ, ಎರಡು ನಿಮಿಷ" ಅಂದೆ. ಕಂಪ್ಯೂಟರಿನಲ್ಲಿ ಆಪಿನ ವೆಬ್ ಪುಟ ತೆಗೆದೆ, ಕ್ಯೂಆರ್ ಕೋಡಿನ ಚೌಕ ಬಂತು, ಅಮ್ಮನ ಫೋನಿನಲ್ಲಿ 'ಲಿಂಕ್ ಎ ಡಿವೈಸ್' ಒತ್ತಿದೆ, ಅದು ಬೆರಳು ಕೇಳಿತು, ಅಮ್ಮನ ಹೆಬ್ಬೆರಳನ್ನು ನಾನೇ ಹಿಡಿದು ಒತ್ತಿಸಿದೆ. ಸಾಲಪತ್ರಕ್ಕೆ ಸಾಹುಕಾರ ಒತ್ತಿಸಿದ ಹಾಗೆ. ಫೋನನ್ನು ಚೌಕಕ್ಕೆ ಹಿಡಿದೆ, ಟುಣುಕ್, ಅಮ್ಮನ ಚಾಟ್ ಎಲ್ಲ ದೊಡ್ಡ ಪರದೆಯಲ್ಲಿ. ಫೋಟೋಗಳನ್ನು ಅದರಲ್ಲೇ ಹಾಕಿದೆ, ಭಜನೆ ಪ್ರಿಂಟ್ ಆಯ್ತು. ಎಲ್ಲರೂ ಚಪ್ಪಾಳೆ ಹೊಡೆದ್ರು. ಅತ್ತೆ ಪತ್ರೊಡೆ ಕೊಟ್ರು, ನಾನು ಆರು ತಿಂದೆ. ಮತ್ತೆ ಟ್ರೇನ್ ತಪ್ಪುತ್ತದೆ ಅಂತ ಓಡಿದೆವು.

ಲಾಗ್ ಔಟ್ ಮಾಡ್ಲಿಲ್ಲ.

ನಾವು ಡೊಂಬಿವಲಿಗೆ ಬಂದ್ರೂ ಅಮ್ಮನ ಚಾಟ್ ಘಣಸೋಲಿಯಲ್ಲೇ ಉಳಿಯಿತು. ಅಮ್ಮನ ಫೋನ್ ಹತ್ತಿರ ಇರಬೇಕು ಅಂತೇನಿಲ್ಲ. ಜೋಡಿಸಿದ ಯಂತ್ರ ತನ್ನ ಇಂಟರ್‌ನೆಟ್ಟಿನಲ್ಲೇ ನಡೀತದೆ. ಅಲ್ಲಿ ತೆರೆದ್ರೆ ಇಲ್ಲಿ ಓದಿದ ಹಾಗೆ, ಹಸಿರು ಚುಕ್ಕೆ ಹೋಗ್ತದೆ, ಅತ್ತ ಚಿಕ್ಕಮ್ಮನಿಗೆ ನೀಲಿ ಟಿಕ್. ಭೂತ ಇದೇ. ಭೂತಕ್ಕೆ ಕನ್ನಡಕ ಉಂಟು, ಅರವತ್ತೊಂದು ವರ್ಷ.

ಆಮೇಲಿಂದ ಭಾನುವಾರ ನಾನು ಹೋದಾಗೆಲ್ಲ ಕಂಪ್ಯೂಟರ್ ಮೇಲೆ ಅತ್ತೆ ಕಸೂತಿ ಬಟ್ಟೆ ಹೊದೆಸಿರ್ತಿದ್ರು. ಧೂಳಿಗೆ ಅಂತ ನಾನು ತಿಳ್ಕೊಂಡಿದ್ದೆ.

ಬುದ್ಧಿ ಇದ್ದವರು ಆಗ ಎಂತ ಮಾಡ್ತಾರೆ? ಆ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೀತಾರೆ. ಅಮ್ಮ ಬರುವವರೆಗೆ ಕಾಯ್ತಾರೆ. ನಾನು ಎಂತ ಮಾಡಿದೆ? ಬಾಗಿಲಲ್ಲಿ ಅಮ್ಮನ ಕೀ ಶಬ್ದ ಕೇಳಿದ್ದೇ, ಆ ಕಂಪ್ಯೂಟರ್ ಹೆಸರು ಒತ್ತಿದೆ, ಕೆಳಗೆ ಲಾಗ್ ಔಟ್ ಬಂತು, ಅದನ್ನೂ ಒತ್ತಿದೆ. ಪಟ್ಟಿ ಖಾಲಿ. ಕೊಲೆ ಮಾಡಿದವರೂ ಚಾಕು ಇಷ್ಟು ಚೆನ್ನಾಗಿ ತೊಳೆಯುವುದಿಲ್ಲ.

"ಎಂತ ಮಾಡ್ತಿದ್ದಿ?" ಅಂದ್ಲು ಅಮ್ಮ.

"ಚಕ್ಕುಲಿ ತಿಂತಿದ್ದೇನೆ."

ಇದು ಮಾತ್ರ ಪೂರ್ತಿ ನಿಜ.

ಆ ದಿನ ಸಂಜೆ ಅಮ್ಮ ಚಿಕ್ಕಮ್ಮನಿಗೆ ನಾಲ್ಕು ಸಲ ಟೈಪ್ ಮಾಡಿ ನಾಲ್ಕು ಸಲ ಅಳಿಸಿದ್ಲು. ನಾನು ಪಕ್ಕದಲ್ಲಿ ಕೂತು ಫಿಸಿಕ್ಸ್ ಪುಸ್ತಕ ಉಲ್ಟಾ ಹಿಡಿದಿದ್ದೆ. ಶನಿವಾರ ಬೆಳಿಗ್ಗೆ ಅಮ್ಮ ನೀರುದೋಸೆ ಮಾಡಿದ್ಲು, ನಾನು ಎರಡೇ ತಿಂದೆ. ಅಮ್ಮ ನನ್ನ ಹಣೆ ಮುಟ್ಟಿ ನೋಡಿದ್ಲು. ಜ್ವರ ಇಲ್ಲ.

"ಅಮ್ಮ, ನಿನ್ನ ಫೋನಿನ ಭೂತ ನಾನು ಬಿಟ್ಟದ್ದು."

ಎಲ್ಲ ಹೇಳಿದೆ. ಎಳೆಯದೆ ಹೇಳಿದ್ರೆ ನನ್ನ ಕಥೆ ಎಷ್ಟು ಗಿಡ್ಡ ಅಂತ ಅವತ್ತೇ ಗೊತ್ತಾದದ್ದು. ಪ್ರಿಂಟ್ ಮಾಡಿದೆ, ಲಾಗ್ ಔಟ್ ಮಾಡ್ಲಿಲ್ಲ, ಅತ್ತೆ ಓದಿದ್ರು, ನಿನ್ನೆ ನೋಡಿ ಹೆದರಿ ತೆಗೆದೆ. ನಾಲ್ಕು ವಾಕ್ಯ.

ಅಮ್ಮ ಬೈಯಲಿಲ್ಲ. ಕೈಯಲ್ಲಿದ್ದ ಸೌಟನ್ನು ನೋಡಿ, "ಅಂದ್ರೆ ಅವಳು ಬರೆದದ್ದನ್ನೆಲ್ಲ ಮೊದಲು ಓದಿದ್ದು ನಾನಲ್ಲ" ಅಂದ್ಲು. ಅದನ್ನು ಕೇಳುವುದಕ್ಕಿಂತ ಎರಡು ಪೆಟ್ಟು ತಿನ್ನಬಹುದಿತ್ತು.

"ನಾಳೆ ಕಲ್ಯಾಣಕ್ಕೆ ಹೋಗುವಾ," ಅಂದೆ. "ಚಿಕ್ಕಮ್ಮನಿಗೆ ನಾನೇ ಹೇಳ್ತೇನೆ."

"ನಂಬ್ತಾಳಾ ನಿನ್ನನ್ನು?"

ಅದೇ ಪ್ರಶ್ನೆ.

ಭಾನುವಾರ ಹೋದೆವು. ಚಿಕ್ಕಮ್ಮ ಬಾಗಿಲು ತೆಗೆದ್ಲು, ನಮ್ಮನ್ನು ನೋಡಿ ಒಳಗೆ ಹೋಗಿ ಸೋಫಾದಲ್ಲಿ ಕೂತ್ಲು. ಮುಖ ಬಾಡಿತ್ತು. ಟೀಪಾಯಿ ಮೇಲೆ ಅರ್ಧ ಕಚ್ಚಿದ ಟೋಸ್ಟ್, ಒಂದು ಲಿಂಬೆಹಣ್ಣು. ಕೋಪ ಬಂದ್ರೂ ಅತ್ತೆಯ ಲಿಂಬೆಹಣ್ಣು ಬಿಟ್ಟಿರಲಿಲ್ಲ.

ಅಮ್ಮ ಸೀದಾ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲಿಕ್ಕೆ ಶುರು ಮಾಡಿದ್ಲು. ನಾನು ನೆಲದಲ್ಲಿ ಕೂತು ನಾಲ್ಕು ವಾಕ್ಯ ಹೇಳಿದೆ.

ಚಿಕ್ಕಮ್ಮ ಕೇಳಿ ಮುಗಿಸಿ, "ಅಕ್ಕನನ್ನು ಉಳಿಸಲಿಕ್ಕೆ ಕಥೆ ಕಟ್ಟಿದ್ದಿ. ಚೆನ್ನಾಗಿದೆ" ಅಂದ್ಲು.

"ಇಲ್ಲ ಚಿಕ್ಕಮ್ಮ, ಸತ್ಯ. ನೋಡು, ಇಲ್ಲಿ ಮೂರು ಚುಕ್ಕಿ, ಲಿಂಕ್ಡ್ ಡಿವೈಸಸ್, ಇಲ್ಲಿ ಇತ್ತು."

"ಇಲ್ಲಿ ಏನೂ ಇಲ್ಲವಲ್ಲ."

"ಅದನ್ನು ನಾನು ತೆಗೆದೆ."

"ಖಾಲಿ ಕೋಣೆ ತೋರಿಸಿ ಕಳ್ಳ ಇದ್ದ ಅಂತೀಯಾ?" "ಹೋದ ವರ್ಷ ಲೋಕಲ್ಲಿನಲ್ಲಿ ಆಡು ಹತ್ತಿ ಸೀಟಿಗೆ ಜಗಳ ಮಾಡಿತು ಅಂದವಳು ನೀನು. ಇದನ್ನು ಹೇಗೆ ನಂಬುವುದು?"

ಆಡು ಇತ್ತು. ಜಗಳ ಮಾಡಿದ್ದು ಆಡಿನ ಯಜಮಾನ. ಆದ್ರೆ ಆಗ ಅದನ್ನು ವಾದಿಸುವ ಹೊತ್ತಲ್ಲ. ಬೇಕಾದ್ರೆ ಈಗಲೇ ಜೋಡಿಸಿ ತೋರಿಸ್ತೇನೆ ಅಂದೆ. ಹೀಗೆ ಆಗಬಹುದು ಅಂತ ತೋರಿಸಿದ್ರೆ ಹೀಗೇ ಆಯ್ತು ಅಂತ ಆಯ್ತಾ ಅಂತ ಕೇಳಿದ್ಲು. ಸರಿಯಾದ ಪ್ರಶ್ನೆ. ಒಳಗೆ ಅಮ್ಮ ಒಂದೇ ಲೋಟವನ್ನು ಮೂರನೇ ಸಲ ತೊಳೀತಿದ್ಲು.

ಆಗ ನನಗೆ ಫೋನ್ ಬಂತು. ಅತ್ತೆ.

ಭಾನುವಾರ ಹನ್ನೊಂದು ಗಂಟೆ, ನಾನು ಕ್ಲಾಸಿಗೆ ಹೋಗಿಲ್ಲ, ಅದಕ್ಕೆ. ನಾನು ಚಿಕ್ಕಮ್ಮನ ಮುಖ ನೋಡಿದೆ, ಸ್ಪೀಕರ್ ಒತ್ತಿ ಟೀಪಾಯಿ ಮೇಲೆ ಲಿಂಬೆಹಣ್ಣಿನ ಪಕ್ಕದಲ್ಲಿಟ್ಟೆ.

"ಎಲ್ಲಿದ್ದಿ ಮಾರಾಯ್ತಿ? ನಾನಿಲ್ಲಿ ಕಾಯ್ತಾ ಇದ್ದೇನೆ. ಬಂದವಳು ನನ್ನ ಕಂಪ್ಯೂಟರ್ ಸ್ವಲ್ಪ ನೋಡು. ಕೆಟ್ಟು ಹೋಗಿದೆ."

"ಎಂತ ಆಗಿದೆ ಅತ್ತೆ?"

"ಬಿಳಿ ಪರದೆ. ನಡುವೆ ಒಂದು ಚೌಕ, ಅದರಲ್ಲಿ ಕಪ್ಪು ಕಪ್ಪು, ಮಗು ರಂಗೋಲಿ ಅಳಿಸಿದ ಹಾಗೆ. ಶುಕ್ರವಾರದಿಂದ ಹೀಗೆ. ಮೊದಲು ಬರ್ತಿದ್ದದ್ದು ಬರ್ತಾ ಇಲ್ಲ."

ಚಿಕ್ಕಮ್ಮ ತಲೆ ಎತ್ತಿದ್ಲು. ಒಳಗೆ ನಲ್ಲಿ ನಿಂತಿತು.

"ಮೊದಲು ಎಂತ ಬರ್ತಿತ್ತು?" ನಾನು ಬಹಳ ಪಾಪದ ಸ್ವರದಲ್ಲಿ ಕೇಳಿದೆ. ಇಂಥ ಸ್ವರ ನನ್ನ ಹತ್ತಿರ ನಾಲ್ಕೈದು ಉಂಟು.

"ಅದೇ… ಭಜನೆ. ನೀನೇ ತಾನೇ ಹಾಕಿ ಕೊಟ್ಟದ್ದು?"

"ಭಜನೆ ಮಾತ್ರವಾ?"

ಅತ್ತೆ ಸ್ವರ ಸಣ್ಣ ಮಾಡಿ, "ನಿನ್ನ ಅಮ್ಮನದ್ದೂ ಸ್ವಲ್ಪ ಬರ್ತಿತ್ತು" ಅಂದ್ರು. "ಮೊದಲ ದಿನ ನನಗೇ ಬಂದದ್ದು ಅಂತ ಓದಿದೆ. ನನ್ನದಲ್ಲ ಅಂತ ಗೊತ್ತಾಯ್ತು. ಬಂದ್ ಮಾಡಬೇಕಿತ್ತು. ಮಾಡ್ಲಿಲ್ಲ. ಮೂವತ್ತು ವರ್ಷ ಬೇರೆಯವರ ನೋಟ್‌ಬುಕ್ ಓದಿದವಳು ನಾನು, ಎದುರು ತೆರೆದಿಟ್ಟದ್ದನ್ನು ಮುಚ್ಚಲಿಕ್ಕೆ ಕೈ ಬರುವುದಿಲ್ಲ ಮಗಾ. ಅಕ್ಕ ತಂಗಿ ಎಷ್ಟು ಚೆಂದ ಮಾತಾಡ್ತಾರೆ ಗೊತ್ತುಂಟಾ? ನಾನು ಬೆಳಿಗ್ಗೆ ಪೂಜೆ ಮುಗಿಸಿ ಅದಕ್ಕೇ ಕೂರುವುದು. ಆ ಹುಡುಗಿಗೆ ಮುಂಬ್ರಾ ಹತ್ತಿರ ಹೊಟ್ಟೆ ತೊಳೆಸ್ತದಂತೆ. ಎರಡು ದಿನದಿಂದ ಹೇಗಿದ್ದಾಳೋ, ತಿಂದಳೋ ಇಲ್ವೋ, ಒಂದೂ ಗೊತ್ತಾಗ್ತಾ ಇಲ್ಲ ನನಗೆ."

ಚಿಕ್ಕಮ್ಮ ಫೋನಿನ ಕಡೆ ಬಾಗಿದ್ಲು. "ಟೋಸ್ಟ್ ತಿಂದಿದ್ದೇನೆ. ಅರ್ಧ."

ನಾನು ಫೋನ್ ಕಟ್ ಆಯ್ತಾ ಅಂತ ನೋಡಿದೆ. ಆಗಿರಲಿಲ್ಲ. ಫ್ಯಾನಿನ ಕಿರಕಿರ ಕೇಳ್ತಿತ್ತು, ಅತ್ತೆ ಮನೆಯ ಫ್ಯಾನ್, ನನಗೆ ಗೊತ್ತು.

"ನೀನಲ್ಲಿ ಇದ್ದೀಯಾ," ಅಂದ್ರು ಅತ್ತೆ. ಟೀಚರ್ ಸ್ವರ ಪೂರ್ತಿ ಹೋಗಿತ್ತು. "ನನ್ನದು ತಪ್ಪು. ನಿನ್ನ ಅಕ್ಕ ನನಗೆ ಏನೂ ಹೇಳಿಲ್ಲ. ಒಂದು ಅಕ್ಷರ ಹೇಳಿಲ್ಲ."

ಅಮ್ಮ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಿದ್ಲು, ಕೈಯಿಂದ ಸಾಬೂನು ನೀರು ಇಳೀತಿತ್ತು. ಚಿಕ್ಕಮ್ಮ ತಿರುಗಿ ನೋಡಿದ್ಲು. ಈ ಜಾಗದಲ್ಲಿ ನಾನು ಇಬ್ಬರೂ ಓಡಿ ಬಂದು ತಬ್ಬಿಕೊಂಡ್ರು ಅಂತ ಎಳೀಬಹುದು. ಹಾಗೇನೂ ಆಗ್ಲಿಲ್ಲ. ಚಿಕ್ಕಮ್ಮ, "ಅಕ್ಕ, ಹಸಿವಾಗ್ತಿದೆ" ಅಂದ್ಲು. ಅಷ್ಟೇ. ಅಮ್ಮ ಕೈ ಸೀರೆಗೆ ಒರಸಿಕೊಂಡು ಅಕ್ಕಿ ಡಬ್ಬ ಎಲ್ಲಿ ಅಂತ ಕೇಳಿದ್ಲು. ಆ ಮನೆಯಲ್ಲಿ ಅಕ್ಕಿ ಡಬ್ಬ ಎಲ್ಲಿದೆ ಅಂತ ಅಮ್ಮನಿಗೆ ಎಂಟು ವರ್ಷದಿಂದ ಗೊತ್ತು.

ಗಂಜಿ ಬೇಯುವಾಗ ಅಮ್ಮ ನನ್ನ ಫೋನ್ ತಗೊಂಡು, "ಅತ್ತಿಗೆ, ಊಟ ಆಯ್ತಾ?" ಅಂತ ಕೇಳಿದ್ಲು. ಅತ್ತೆ ಇನ್ನೂ ಲೈನಿನಲ್ಲೇ ಇದ್ರು. ಅವರಿಗೆ ಕಟ್ ಮಾಡುವ ಧೈರ್ಯ ಇರಲಿಲ್ವೇನೋ.

"ಇಲ್ಲ."

"ಮಾಡಿ. ಇನ್ನು ಮೇಲೆ ತಿಳಿಯಬೇಕಾದ್ರೆ ನನ್ನನ್ನು ಕೇಳಿ. ಹೇಳುವಂಥದ್ದಾದ್ರೆ ಹೇಳ್ತೇನೆ, ಹೇಳಬಾರದ್ದಾದ್ರೆ ಹೇಳುವುದಿಲ್ಲ."

"ಆಯ್ತು," ಅಂದ್ರು ಅತ್ತೆ. ನಾನು ಹೋಂವರ್ಕ್ ಮಾಡದೆ ಹೋದಾಗ ಅವರಿಗೆ ಹೇಳುವ ಹಾಗೆಯೇ ಇತ್ತು ಆ ಆಯ್ತು.

ನಾನು ಸುಮ್ಮನೆ ಕೂರುವವಳಲ್ಲ. ಚಿಕ್ಕಮ್ಮನ ಫೋನನ್ನೂ ಕೇಳಿ ತಗೊಂಡು ಪಟ್ಟಿ ತೆರೆದೆ. ಎರಡು ಇತ್ತು! ಒಂದು ಅವಳ ಆಫೀಸಿನ ಕಂಪ್ಯೂಟರ್, ಅದು ಅವಳೇ ಮಾಡಿದ್ದು. ಇನ್ನೊಂದು ಹಳೇ ಸೀಟಿನ ಕಂಪ್ಯೂಟರ್, ಅದರಲ್ಲಿ ಈಗ ಬೇರೆ ಯಾರೋ ಕೂರ್ತಾರೆ, ಕೊನೆಯ ಸಲ ಬಳಸಿದ್ದು ಹೋದ ವಾರ. ಚಿಕ್ಕಮ್ಮನ ಗಂಜಿ ಚಮಚ ಗಾಳಿಯಲ್ಲೇ ನಿಂತಿತು. "ತೆಗಿ, ಎರಡನ್ನೂ ತೆಗಿ." ತೆಗೆಯಲಿಲ್ಲ. ಈ ಸಲ ಮೊದಲು ಸ್ಕ್ರೀನ್‌ಶಾಟ್ ತೆಗೆದೆ, ಮತ್ತೆ ಅವಳ ಕೈಯಲ್ಲೇ ಒತ್ತಿಸಿದೆ: ಹೆಸರು ಒತ್ತು, ಲಾಗ್ ಔಟ್ ಒತ್ತು. ಆ ಕಂಪ್ಯೂಟರನ್ನು ಮುಟ್ಟಬೇಕು ಅಂತಲೇ ಇಲ್ಲ, ಫೋನಿನಿಂದಲೇ ಆಗ್ತದೆ. ಸ್ಕ್ರೀನ್ ಲಾಕಿನ ನಂಬರನ್ನೂ ಬದಲಿಸಿದ್ಲು, ಹಳೇದು ಆಫೀಸಿನಲ್ಲಿ ಅರ್ಧ ಜನಕ್ಕೆ ಗೊತ್ತಿತ್ತಂತೆ. ಲಾಕ್ ತೆರೆಯಲು ಬರುವವರು ಯಾರು ಬೇಕಾದ್ರೂ ಇನ್ನೊಂದು ಯಂತ್ರವನ್ನು ಜೋಡಿಸಬಹುದು, ಅಮ್ಮನ ಹೆಬ್ಬೆರಳನ್ನು ನಾನು ಹಿಡಿದು ಒತ್ತಿಸಿದ ಹಾಗೆ.

ಈಗ ಅಮ್ಮ ಪ್ರತಿ ಶುಕ್ರವಾರ ಸಂಜೆ ದೇವರ ದೀಪ ಹಚ್ಚಿ, ಕುಂಕುಮ ಇಟ್ಟು, ಅಲ್ಲೇ ಮಣೆಯ ಮೇಲೆ ಕೂತು ಮೂರು ಚುಕ್ಕಿ ಒತ್ತಿ ನೋಡ್ತಾಳೆ. ಖಾಲಿ ಇದ್ರೆ ಫೋನನ್ನೂ ಕಣ್ಣಿಗೊತ್ತಿಕೊಳ್ತಾಳೆ. ಕಣ್ಣಿಗೊತ್ತಿಕೊಳ್ಳುವುದು ನಾನು ಎಳೆದದ್ದು. ಉಳಿದದ್ದು ನಿಜ.

ಮೂರು ತಿಂಗಳು ತುಂಬಿದ ಭಾನುವಾರ ಚಿಕ್ಕಮ್ಮ ನಮ್ಮ ಮನೆಗೆ ಬಂದಿದ್ಲು. ನಾನು ಕ್ಲಾಸಿಗೆ ಹೊರಟಿದ್ದೆ. "ನಿಲ್ಲು" ಅಂತ ಅವಳೇ ಅತ್ತೆಗೆ ಫೋನ್ ಮಾಡಿದ್ಲು. ಪೇಡೆ ಹಂಚುವ ಪಟ್ಟಿಯಲ್ಲಿ ಮೊದಲ ಫೋನ್. ಅಮ್ಮ ಬೇಡ ಅಂದ್ಲು, ನಾನು ಮಾಡ್ತೇನೆ ಅಂದ್ಲು. "ಹೋದ ಸಲ ನೀನು ಮಾಡಿದ್ದಿ ಅಕ್ಕ. ಈ ಸಲ ನಾನೇ ಹೇಳಬೇಕು," ಅಂದ್ಲು ಚಿಕ್ಕಮ್ಮ.

ಸ್ಪೀಕರ್ ಹಾಕಿದ್ಲು. "ಅತ್ತಿಗೆ, ಒಂದು ಸುದ್ದಿ ಹೇಳ್ಬೇಕಿತ್ತು. ನನಗೆ ಮೂರು ತಿಂಗಳು ತುಂಬಿತು."

ಅತ್ತೆಯ ಮನೆಯ ಫ್ಯಾನ್ ಎರಡು ಸುತ್ತು ಕಿರಗುಟ್ಟಿತು. ಮತ್ತೆ ಅತ್ತೆ, ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಪಾಠ ಮಾಡಿದ ಅತ್ತೆ, ಎಷ್ಟು ದೊಡ್ಡ ಸ್ವರದಲ್ಲಿ ಕೂಗಿದ್ರು ಅಂದ್ರೆ ಕೆಳಗಿನ ವಾಚ್‌ಮನ್ ಎದ್ದು ನಿಂತ.

"ಹೌದಾ! ಅಯ್ಯೋ ದೇವರೇ, ನನಗೆ ಗೊತ್ತೇ ಇರಲಿಲ್ಲ! ಎಷ್ಟು ಒಳ್ಳೆ ಸುದ್ದಿ! ಯಾವಾಗ ಗೊತ್ತಾದದ್ದು? ಮೊದಲಿನಿಂದ ಹೇಳು, ಎಲ್ಲ ಹೇಳು!"

ಚಿಕ್ಕಮ್ಮ ಕಣ್ಣು ಒರಸ್ತಾ ನಗ್ತಾ ಸೋಫಾದಲ್ಲಿ ಕಾಲು ಮಡಚಿ ಕೂತ್ಲು. ಪಕ್ಕದಲ್ಲಿ ಅಮ್ಮ. ಮುಂಬ್ರಾದ ವಾಂತಿಯಿಂದಲೇ ಶುರು ಮಾಡಿದ್ಲು, ಅತ್ತೆ ಒಂದೊಂದಕ್ಕೂ "ಹೌದಾ? ಮತ್ತೆ?" ಅಂತಿದ್ರು. ಅವತ್ತು ನನಗೆ ಕ್ಲಾಸ್ ಆಗ್ಲಿಲ್ಲ.